ಕೊನೆಯ ‘ಇಟ್’ ಎಲ್ಲಿಗೆ ಹೋಯಿತು?

ಮೊನ್ನೆ ಅಣ್ಣನ ಮಗಳು ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ‘ಚಿಕ್ಕಪ್ಪ, ಇದನ್ನ ಮೊದಲು ಒಂದು ಥರ ಬರೆದೆ, ಟೀಚರ್ ತಪ್ಪು ಅಂದ್ರು. ಅವರು ಹೇಳಿದ ಥರಾನೇ ಬರೆದೆ, ಮತ್ತೆ ತಪ್ಪು ಅಂದ್ರು’ ಅಂದಳು. ಎರಡು ವಾಕ್ಯ ಸೇರಿಸಿ ಒಂದು ಮಾಡುವ ಅಭ್ಯಾಸ ಅದು.

ಮೊದಲ ಪ್ರಶ್ನೆ ಹೀಗಿತ್ತು: ‘ದಿ ಬಾಕ್ಸ್ ವಾಸ್ ವೆರಿ ಹೆವಿ. ಐ ಕುಡ್ ನಾಟ್ ಲಿಫ್ಟ್ ಇಟ್.’ ಇದನ್ನು ‘ಟೂ’ ಬಳಸಿ ಜೋಡಿಸಬೇಕು. ಅವಳು ಬರೆದದ್ದು, ‘ದಿ ಬಾಕ್ಸ್ ವಾಸ್ ಟೂ ಹೆವಿ ಟು ಲಿಫ್ಟೆಡ್ ಇಟ್.’ ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಸೂತ್ರ: ‘ವೆರಿ’ ತೆಗೆದು ‘ಟೂ’ ಹಾಕು, ‘ಕುಡ್ ನಾಟ್’ ತೆಗೆದು ‘ಟು’ ಹಾಕು, ಕೊನೆಯ ‘ಇಟ್’ ಹೊಡೆದುಹಾಕು.

ಮುಂದಿನ ಪ್ರಶ್ನೆಯಲ್ಲಿ ಪೆಟ್ಟಿಗೆ ಅದೇ, ವಾಕ್ಯದ ಶುರು ಬೇರೆ. ‘ಐ ವಾಸ್ ವೆರಿ ವೀಕ್. ಐ ಕುಡ್ ನಾಟ್ ಲಿಫ್ಟ್ ಇಟ್.’ ಹುಡುಗಿ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿ ‘ಐ ವಾಸ್ ಟೂ ವೀಕ್ ಟು ಲಿಫ್ಟ್’ ಅಂತ ಬರೆದಿದ್ದಳು. ಇದಕ್ಕೂ ಕೆಂಪು ಗೆರೆ. ಇಲ್ಲಿ ‘ಇಟ್’ ಇರಲೇಬೇಕಿತ್ತು.

ನನ್ನ ಪ್ರಕಾರ ಇಲ್ಲಿ ತಪ್ಪು ಅವಳದ್ದಲ್ಲ, ಸೂತ್ರದ್ದು. ಪದ ತೆಗೆ, ಪದ ಹಾಕು ಅಂತ ಹೇಳಿಕೊಟ್ಟರೆ ಆ ಪದ ಯಾಕೆ ಹೋಗುತ್ತದೆ ಅನ್ನೋದು ಮಕ್ಕಳಿಗೆ ತಿಳಿಯುವುದೇ ಇಲ್ಲ. ವಿಚಿತ್ರ ಅಂದರೆ ಆ ಕಾರಣ ನಮ್ಮ ಮಕ್ಕಳಿಗೆ ಆಗಲೇ ಗೊತ್ತು, ಕನ್ನಡದಲ್ಲಿ.

‘ಈ ಎರಡನ್ನೂ ಕನ್ನಡದಲ್ಲಿ ಒಂದೊಂದೇ ವಾಕ್ಯ ಮಾಡಿ ಹೇಳು’ ಅಂದೆ. ಮೊದಲನೆಯದಕ್ಕೆ ‘ಪೆಟ್ಟಿಗೆ ನನಗೆ ಎತ್ತಲಾಗದಷ್ಟು ಭಾರ ಇತ್ತು’ ಅಂದಳು. ಎರಡನೆಯದಕ್ಕೆ ‘ನಾನು ಅದನ್ನ ಎತ್ತಲಾಗದಷ್ಟು ಸುಸ್ತಾಗಿದ್ದೆ’ ಅಂದಳು. ಯಾರೂ ಹೇಳಿಕೊಡದೆ ಮೊದಲನೆಯದರಲ್ಲಿ ‘ಅದನ್ನ’ ಬಿಟ್ಟಳು, ಎರಡನೆಯದರಲ್ಲಿ ಇಟ್ಟುಕೊಂಡಳು. ‘ಪೆಟ್ಟಿಗೆ ನನಗೆ ಅದನ್ನು ಎತ್ತಲಾಗದಷ್ಟು ಭಾರ’ ಅಂತ ಹೇಳಿ ನೋಡಿ, ಕಿವಿಗೆ ಚುಚ್ಚುತ್ತದೆ ಅಲ್ವಾ?

ವಿಷಯ ಇಷ್ಟೇ. ವಾಕ್ಯ ಪೆಟ್ಟಿಗೆಯಿಂದಲೇ ಶುರುವಾಗಿದೆ, ಎತ್ತಬೇಕಾದದ್ದೂ ಅದನ್ನೇ. ಹಾಗಾಗಿ ಕೊನೆಯಲ್ಲಿ ಮತ್ತೊಮ್ಮೆ ‘ಇಟ್’ ಬೇಡ. ಎರಡನೆಯದರಲ್ಲಿ ವಾಕ್ಯ ‘ಐ’ನಿಂದ ಶುರು. ಪೆಟ್ಟಿಗೆಯ ಹೆಸರೇ ಬಂದಿಲ್ಲ. ‘ಇಟ್’ ತೆಗೆದರೆ ಏನನ್ನು ಎತ್ತುವುದು? ಮಾತಿನಲ್ಲಿ ಮೊದಲನೆಯದಕ್ಕೂ ‘ಫಾರ್ ಮಿ ಟು ಲಿಫ್ಟ್ ಇಟ್’ ಅಂತ ಕೆಲವರು ಅನ್ನುವುದುಂಟು, ಆದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗೋದು ಕಷ್ಟ.

‘ಫಾರ್ ಮಿ’ ಕೂಡ ಹೀಗೆಯೇ. ಪೆಟ್ಟಿಗೆ ತಾನೇ ಎತ್ತುವುದಿಲ್ಲ, ಎತ್ತುವವನು ನಾನು. ಆದ್ದರಿಂದ ಕನ್ನಡದಲ್ಲಿ ‘ನನಗೆ’, ಇಂಗ್ಲಿಷಿನಲ್ಲಿ ‘ಫಾರ್ ಮಿ’. ‘ಫಾರ್ ಐ’ ಅಂತೂ ಅಲ್ಲ. ಸುಸ್ತಾದವನೂ ಎತ್ತುವವನೂ ಒಬ್ಬನೇ ಆದರೆ ಇದು ಬೇಡ. ಸರಿ ಉತ್ತರ ಹೀಗೆ: ‘ದಿ ಬಾಕ್ಸ್ ವಾಸ್ ಟೂ ಹೆವಿ ಫಾರ್ ಮಿ ಟು ಲಿಫ್ಟ್.’ ಇನ್ನೊಂದು, ‘ಐ ವಾಸ್ ಟೂ ವೀಕ್ ಟು ಲಿಫ್ಟ್ ಇಟ್.’

‘ಲಿಫ್ಟೆಡ್’ ವಿಷಯ ಸುಲಭ. ನಡೆದುಹೋದ ಕಥೆ ಅಂತ ‘ವಾಸ್’ ಹೇಳಿ ಆಗಿದೆ. ‘ಟು’ ಆದಮೇಲೆ ಕ್ರಿಯಾಪದ ಮೂಲ ರೂಪದಲ್ಲೇ ಇರುತ್ತದೆ. ನಾವು ‘ಎತ್ತಲು’ ಅನ್ನುತ್ತೇವೆ, ಅದಕ್ಕೆ ನಿನ್ನೆ ನಾಳೆ ಇಲ್ಲ.

ಆದರೆ ಕನ್ನಡ ಒಂದು ಕಡೆ ಕೈಕೊಡುತ್ತದೆ. ‘ಎತ್ತಲಾಗದಷ್ಟು’ ಅನ್ನುವಾಗ ನಮ್ಮ ‘ಆಗದ’ದಲ್ಲಿ ‘ಇಲ್ಲ’ ಎದ್ದು ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ‘ಇಲ್ಲ’ ‘ಟೂ’ ಒಳಗೇ ಅಡಗಿ ಕೂತಿದೆ. ಅದಕ್ಕೇ ಮಕ್ಕಳು ‘ಟೂ ಹೆವಿ ನಾಟ್ ಟು ಲಿಫ್ಟ್’ ಅಂತ ಇನ್ನೊಂದು ‘ನಾಟ್’ ತುರುಕುತ್ತಾರೆ. ಅರ್ಥ ತಲೆಕೆಳಗಾಗುತ್ತದೆ. ‘ಹಿ ಈಸ್ ಟೂ ಕ್ಲೆವರ್ ನಾಟ್ ಟು ಸೀ ಇಟ್’ ಅಂದರೆ ಅವನಿಗೆ ಅದು ಕಂಡೇ ಕಾಣುತ್ತದೆ ಅಂತ!

ಇನ್ನು ‘ಸೋ... ದಟ್’. ಇದಕ್ಕೂ ನಮ್ಮಲ್ಲಿ ಜೋಡಿ ಇದೆ: ‘ಪೆಟ್ಟಿಗೆ ಎಷ್ಟು ಭಾರ ಇತ್ತು ಅಂದ್ರೆ, ನನಗೆ ಅದನ್ನ ಎತ್ತೋಕೆ ಆಗಲಿಲ್ಲ.’ ‘ಅದನ್ನ’ ತಿರುಗಿ ಬಂತು ನೋಡಿ. ‘ಅಂದ್ರೆ’ ಆದಮೇಲೆ ಬರುವುದು ಪೂರ್ತಿ ವಾಕ್ಯ. ಅದಕ್ಕೆ ತನ್ನದೇ ಕರ್ತೃ ಬೇಕು, ತನ್ನದೇ ಕಾಲ ಬೇಕು. ಇಂಗ್ಲಿಷಿನಲ್ಲೂ ‘ದಿ ಬಾಕ್ಸ್ ವಾಸ್ ಸೋ ಹೆವಿ ದಟ್ ಐ ಕುಡ್ ನಾಟ್ ಲಿಫ್ಟ್ ಇಟ್’ ಅನ್ನಬೇಕು. ಮುಂದೆ ‘ವಾಸ್’ ಇಟ್ಟುಕೊಂಡು ಹಿಂದೆ ‘ಕೆನಾಟ್’ ಬರೆಯುವ ತಪ್ಪು ಇಲ್ಲೇ ಜಾಸ್ತಿ. ‘ಈಸ್’ ಇದ್ದರೆ ‘ಕೆನಾಟ್’, ‘ವಾಸ್’ ಇದ್ದರೆ ‘ಕುಡ್ ನಾಟ್’.

ಎಲ್ಲಾ ಕಡೆ ‘ಕುಡ್ ನಾಟ್’ ಅನ್ನೋದೂ ಸರಿಯಲ್ಲ. ‘ಹಿ ವಾಸ್ ಟೂ ಪ್ರೌಡ್ ಟು ಆಸ್ಕ್ ಫಾರ್ ಹೆಲ್ಪ್’ ಅನ್ನುವಲ್ಲಿ ಅವನಿಗೆ ಕೇಳುವ ಶಕ್ತಿ ಇತ್ತು, ಮನಸ್ಸಿರಲಿಲ್ಲ. ಅಲ್ಲಿ ‘ವುಡ್ ನಾಟ್ ಆಸ್ಕ್’ ಅನ್ನೋದೇ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಇನ್ನು ‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಅನ್ನೋದಕ್ಕೆ ಸೂತ್ರ ಹಚ್ಚಲೇಬೇಡಿ. ಖುಷಿಯಿಂದ ಸಹಾಯ ಮಾಡ್ತೀನಿ ಅಂತ ಬಂದವರನ್ನು ‘ಮಾಡಲ್ಲ’ ಅನ್ನಿಸಿಬಿಡುತ್ತೀರಿ.

‘ಎನಫ್’ಗೆ ನಮ್ಮ ಜೋಡಿ ‘-ವಷ್ಟು’. ‘ಆಗದಷ್ಟು’ ಬಂದರೆ ‘ಟೂ’, ‘ಆಗುವಷ್ಟು’ ಬಂದರೆ ‘ಎನಫ್’. ಜಾಗ ಮಾತ್ರ ಅದಲು ಬದಲು. ನಾವು ‘ಎಟುಕುವಷ್ಟು ಎತ್ತರ’ ಅನ್ನುತ್ತೇವೆ, ಅಳತೆ ಮೊದಲು, ಗುಣ ಆಮೇಲೆ. ಅದೇ ಗುಂಗಿನಲ್ಲಿ ಮಕ್ಕಳು ‘ಎನಫ್ ಟಾಲ್’ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ‘ಟಾಲ್ ಎನಫ್’. ನಾಮಪದ ಬಂದರೆ ಮಾತ್ರ ನಮ್ಮ ‘ಸಾಕಷ್ಟು ಸಮಯ’ದ ಹಾಗೇ ‘ಎನಫ್ ಟೈಮ್’.

ಅಭ್ಯಾಸದ ಕೊನೆಯ ಪ್ರಶ್ನೆಯಲ್ಲಿ ನಾನೇ ಸಿಕ್ಕಿಬಿದ್ದೆ. ‘ಹಿ ವಾಸ್ ಟಾಲ್ ಎನಫ್ ಟು ರೀಚ್ ದಿ ಶೆಲ್ಫ್.’ ಇದನ್ನು ‘ಸೋ ದಟ್’ಗೆ ತಿರುಗಿಸಬೇಕು. ಪುಸ್ತಕದ ಹಿಂದಿನ ಉತ್ತರ, ‘ಸೋ ಟಾಲ್ ದಟ್ ಹಿ ರೀಚ್ಡ್ ದಿ ಶೆಲ್ಫ್.’ ನಾನೂ ಸುಮ್ನೆ ತಲೆ ಆಡಿಸಿದೆ. ಹುಡುಗಿ ಬಿಡಲಿಲ್ಲ. ‘ಎಟುಕುವಷ್ಟು ಎತ್ತರ ಇದ್ದ ಅಂದ್ರೆ ಕೈ ಚಾಚಿದ ಅಂತ ಅಲ್ವಲ್ಲ ಚಿಕ್ಕಪ್ಪ. ಚಾಚದೇನೂ ಇರಬಹುದು’ ಅಂದಳು.

ಸರಿಯಾಗೇ ಹೇಳಿದಳು. ಪ್ರಶ್ನೆಯ ವಾಕ್ಯ ಹೇಳುವುದು, ಎಟುಕೋದು ಸಾಧ್ಯವಿತ್ತು ಅಂತ. ‘ರೀಚ್ಡ್’ ಅಂದರೆ ಆ ಕೆಲಸ ನಡೆದೇ ಹೋಯಿತು ಅಂತ. ಹಾಗಾಗಿ ‘ಸೋ ಟಾಲ್ ದಟ್ ಹಿ ಕುಡ್ ರೀಚ್’ ಅಂದರೆ ಅರ್ಥ ಹತ್ತಿರ ಉಳಿಯುತ್ತದೆ. ಆಗಲೂ ‘ಸೋ ಟಾಲ್’ ಅನ್ನುವಾಗ ಅವನು ತುಂಬಾನೇ ಎತ್ತರ ಅನ್ನಿಸುತ್ತದೆ, ‘ಟಾಲ್ ಎನಫ್’ನಲ್ಲಿ ಬೇಕಾದಷ್ಟೇ ಎತ್ತರ. ಆ ಕೂದಲೆಳೆಯ ವ್ಯತ್ಯಾಸವನ್ನು ಯಾವ ಸೂತ್ರವೂ ಅಳಿಸಲಾರದು.

ಅವಳು ‘ಕುಡ್ ರೀಚ್’ ಬರೆದಳು. ಪುಸ್ತಕದ ಉತ್ತರದ ಪಕ್ಕ ನಾನು ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಟ್ಟೆ. ನಾಳೆ ಅದಕ್ಕೂ ಕೆಂಪು ಗೆರೆ ಬಿದ್ದರೆ ನಾನೇ ಹೋಗಿ ಮಾತಾಡಬೇಕು.