ಹಳೆಯ ಅಭಿವೃದ್ಧಿ ವೆಚ್ಚ ಆಸ್ತಿಯಾಗಿ ಮರಳುವುದಿಲ್ಲ

“ಯೋಜನೆ ಯಶಸ್ವಿಯಾಗುವುದು ಖಚಿತವಾದರೆ, ಆ ವರ್ಷದ ಅಭಿವೃದ್ಧಿ ವೆಚ್ಚವನ್ನೆಲ್ಲ ಆಸ್ತಿಗೆ ಸೇರಿಸಬಹುದು.”

ಇದು ತಪ್ಪು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಎಸ್ 38ರ ಪ್ರಕಾರ, ತಾಂತ್ರಿಕ ಸಾಧ್ಯತೆ, ಹಣದ ಲಭ್ಯತೆ ಮೊದಲಾದ ಆರು ಷರತ್ತುಗಳೂ ಪೂರೈಸಿದ ದಿನದಿಂದ ಆದ ವೆಚ್ಚ ಮಾತ್ರ ಅಮೂರ್ತ ಆಸ್ತಿ. ತಾಂತ್ರಿಕ ಸಾಧ್ಯತೆ ಸಾಬೀತಾದರೂ ಮುಗಿಸಲು ಹಣದ ಲಭ್ಯತೆಯನ್ನು ತೋರಿಸಲಾಗದಿದ್ದರೆ ಆ ದಿನ ಇನ್ನೂ ಬಂದಿಲ್ಲ.

ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 10,000 ಅಭಿವೃದ್ಧಿ ವೆಚ್ಚವಾಗಿದೆ, ಷರತ್ತುಗಳು ಪೂರೈಸಿದ್ದು ಸೆಪ್ಟೆಂಬರ್ 1ರಂದು ಎನ್ನೋಣ. ಮೊದಲ ಎಂಟು ತಿಂಗಳ 80,000 ಲಾಭ–ನಷ್ಟ ಖಾತೆಗೆ ಹೋಗುತ್ತದೆ. ಅದೇ ವರ್ಷದ್ದೆಂಬ ಕಾರಣಕ್ಕೂ ಅದನ್ನು ಮರಳಿ ತರುವಂತಿಲ್ಲ. ಉಳಿದ 40,000ರಲ್ಲಿ ಸಿಬ್ಬಂದಿ ತರಬೇತಿಯ 5,000 ಅಡಗಿದ್ದರೆ (ಪರೀಕ್ಷಕರಿಗೆ ಪ್ರಿಯವಾದ ಬಲೆಯಿದು) ಅದೂ ಖರ್ಚೇ. ಆಸ್ತಿ 35,000. ಬಳಕೆಗೆ ಸಿದ್ಧವಾಗುವವರೆಗೆ ಅದರ ಮೇಲೆ ಸವಕಳಿ ಬರೆಯುವುದಿಲ್ಲ. ಆದರೆ ಮೌಲ್ಯ ಕುಸಿದಿದೆಯೇ ಎಂದು ಪ್ರತಿವರ್ಷ ಪರೀಕ್ಷಿಸಬೇಕು.