ಮೂರೋ ಎಂಟೋ, ಮಳೆಗೇ ಗೊತ್ತು

ತೀರ್ಥಹಳ್ಳಿ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಹೋಂವರ್ಕ್ ಮಾತ್ರ ಹೋಗುವುದಿಲ್ಲ. ಟಾರ್ಚ್ ಬೆಳಕಲ್ಲಿ ತೆಗೆದ ಫೋಟೊ, ಸಿಗ್ನಲ್ ಸಿಗುವ ದಿಬ್ಬ ಹತ್ತಿ, ಶಿವಮೊಗ್ಗದ ಮಾವನ ಮೊಬೈಲಿಗೆ ಬಂದು ಬೀಳುತ್ತದೆ. “ಮಾವ, ಭಿನ್ನರಾಶಿ ಲೆಕ್ಕ ಸರಿ ಇದ್ಯಾ ನೋಡು.” ಅದರಲ್ಲಿ ಲೆಕ್ಕಕ್ಕಿಂತ ಮಂಜೇ ಜಾಸ್ತಿ, ಆಗುಂಬೆ ಘಾಟಿಯ ಹಾಗೆ.

ಎಲ್ಲರೂ ಮೊದಲು ಎರಡು ಬೆರಳಿಟ್ಟು ಹಿಗ್ಗಿಸುತ್ತಾರೆ. ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ, ಅಷ್ಟೆ. ನೋಡಬೇಕಾದ್ದು ಕೈ ಯಾವ ಕಡೆ ಅಲುಗಿದೆ ಅನ್ನುವುದನ್ನು. ಮೇಲೆ ಕೆಳಗೆ ಅಲುಗಿದ್ದರೆ ಅಂಶಕ್ಕೂ ಛೇದಕ್ಕೂ ನಡುವಿನ ಗೆರೆ ಎರಡಾಗಿ ಸಮ ಚಿಹ್ನೆಯ ವೇಷ ಹಾಕುತ್ತದೆ. ಅಡ್ಡಡ್ಡ ಅಲುಗಿದ್ದರೆ ಆ ಗೆರೆ ಚೂಪಾಗಿಯೇ ಉಳಿದು, ನೆಟ್ಟಗಿನ ಗೆರೆಗಳು ದಪ್ಪವಾಗುತ್ತವೆ. 3ರ ಎಡಗಡೆಯ ಬಾಯಿ ಮುಚ್ಚಿ 8 ಆಗಿಬಿಡುತ್ತದೆ. ಈ ಫೋಟೊದ ಕಾಯಿಲೆ ಎರಡನೆಯದು. ಹಾಗಾಗಿ ದುಂಡಗೆ ಕಾಣುವ ಪ್ರತಿ 8ರ ಮೇಲೂ ಗುಮಾನಿ.

ಮೊದಲ ಸಾಲಿನಲ್ಲಿ 3/8 ಇದೆಯೋ 8/8 ಇದೆಯೋ ತಿಳಿಯುವುದಿಲ್ಲ. ಅದಕ್ಕೆ ಕೂಡಿಸಿದ್ದು 1/6ಓ 7/6ಓ, ಅದೂ ಮಸುಕು. ಎರಡನೇ ಸಾಲು ಪುಣ್ಯಕ್ಕೆ ಓದಲು ಬರುತ್ತದೆ: 9/24 + 4/24. ಲ.ಸಾ.ಅ. 24. ಇಪ್ಪತ್ತನಾಲ್ಕರಲ್ಲಿ ಎಂಟು ಮೂರು ಸಲ, ಮೂರು ಮೂರಲಿ ಒಂಬತ್ತು. ಮೇಲಿನದು 8 ಆಗಿದ್ದರೆ ಇಲ್ಲಿ 24 ಬರಬೇಕಿತ್ತು. ಆದ್ದರಿಂದ ಅದು 3. ಹಾಗೇ 7 ಆಗಿದ್ದರೆ ನಾಲ್ಕೇಳಲಿ ಇಪ್ಪತ್ತೆಂಟು, ಎರಡು ಅಂಕಿ ಬೇಕು. ಅಲ್ಲಿ ಇರುವುದೇ ಒಂದು. ಅದು 1. ಸಂಶಯ ಉಳಿದರೆ ಪಠ್ಯಪುಸ್ತಕ ತೆಗೆದರಾಯಿತು, ಪ್ರಶ್ನೆ ಅಲ್ಲೇ ಅಚ್ಚಾಗಿದೆ.

ಕೊನೆಯ ಸಾಲಿನಲ್ಲಿ ಮಾವಂದಿರು ಜಾರುತ್ತಾರೆ. ಉತ್ತರ 13/24 ಅಥವಾ 18/24. ಒಂಬತ್ತೂ ನಾಲ್ಕೂ ಹದಿಮೂರು ತಾನೇ, 13 ಎಂದೇ ಓದೋಣ ಅಂತ ಮನಸ್ಸು ಹೇಳುತ್ತದೆ. ಆದರೆ ಕೇಳಿದ್ದು ಲೆಕ್ಕ ಸರಿಯಿದೆಯಾ ಎಂದು. ಸರಿಯಿದೆ ಅಂದುಕೊಂಡು ಅಂಕಿ ಓದಿ, ಆ ಅಂಕಿ ನೋಡಿ ಸರಿಯಿದೆ ಅಂದರೆ ಪರೀಕ್ಷೆ ಬರೆದದ್ದು ಮಾವ, ಮಗು ಅಲ್ಲ. ಮೇಲಿನ 3ಕ್ಕೆ ಕೆಳಗಿನ 9 ಸಾಕ್ಷಿ ಇತ್ತು. ಇದರ ಕೆಳಗೆ ಇನ್ನೊಂದು ಸಾಲಿಲ್ಲ. 18 ಬರೆದು 3/4 ಎಂದು ಸಂಕ್ಷೇಪಿಸಿದ್ದರೆ ಗುಟ್ಟು ರಟ್ಟಾಗುತ್ತಿತ್ತು, ಅದೂ ಇಲ್ಲ. ಹಾಗಾಗಿ 1?/24 ಎಂದು ಬರೆದಿಡುವುದೇ ಸರಿ.

ಆಮೇಲೆ ಕೇಳುವುದು ಆ ಒಂದು ಸಾಲನ್ನು ಮಾತ್ರ: ಪುಸ್ತಕ ಮೇಜಿನ ಮೇಲೆ, ಮೊಣಕೈ ಊರಿ, ಟಾರ್ಚ್ ಪಕ್ಕದಿಂದ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ, ಕುಗ್ಗದ ಹಾಗೆ. ಹತ್ತು ನಿಮಿಷಕ್ಕೆ ಎರಡನೇ ಫೋಟೊ ಬರುತ್ತದೆ. ಅದ್ಭುತ ಸ್ಪಷ್ಟ, ಕಾಗದದ ನಾರೂ ಕಾಣುತ್ತದೆ. ಆ ಅಂಕಿಯ ಮೇಲೆ ಮಾತ್ರ ಹೆಬ್ಬೆರಳು.