ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕುವ ಮುನ್ನ

ಮೂರು ದಶಕ ಕ್ಲಿಯರಿಂಗ್ ವಿಭಾಗದಲ್ಲಿ ಕುಳಿತು ಎದ್ದವನಿಗೆ ನಿವೃತ್ತಿಯ ನಂತರವೂ ಬ್ಯಾಂಕಿನೊಳಗೆ ಹೋದರೆ ಸಿಟ್ಟು ಬರುತ್ತದೆ ಎಂಬುದು ನಿಮಗೆ ಹೊಸತಲ್ಲ. ಇಂದು, ಮಾರ್ಚ್ 25ರಂದು, ಪಾಸ್‌ಬುಕ್ ಭರ್ತಿಗೆಂದು ಹೋದಾಗ ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು ಸಿಕ್ಕಿದರು. ಅಡುಗೆ ಗುತ್ತಿಗೆದಾರರೊಬ್ಬರು ಕೊಟ್ಟ 48,000 ರೂಪಾಯಿಯ ಚೆಕ್ ವಾಪಸು ಬಂದಿತ್ತು. ಅದರೊಂದಿಗೆ ಬಂದ ರಿಟರ್ನ್ ಮೆಮೊವನ್ನು ಅವರು ನಾಲ್ಕಾಗಿ ಮಡಚಿ, ಎಲೆ ಅಡಿಕೆಯ ಜೊತೆಗೆ ಜೇಬಿನಲ್ಲಿಟ್ಟುಕೊಂಡಿದ್ದರು. ‘ಬೌನ್ಸ್ ಆಗಿದೆ, ಕೊಟ್ಟವರನ್ನೇ ಕೇಳಿ’ ಎಂದಷ್ಟೇ ಕೌಂಟರಿನವರು ಹೇಳಿದ್ದರಂತೆ. ಮೆಮೊವನ್ನು ಓದಿ ಎಂದು ಒಬ್ಬರೂ ಹೇಳಿರಲಿಲ್ಲ.

ನನ್ನ ಜಗಳವೆಲ್ಲ ಇಷ್ಟಕ್ಕೇ. ಆ ಚೀಟಿಯಲ್ಲಿ ಚೆಕ್ ಸಂಖ್ಯೆ, ಮೊತ್ತ, ದಿನಾಂಕ ಮತ್ತು ಒಂದು ಎರಡಂಕಿಯ ಕೋಡ್ ಇರುತ್ತದೆ. 01 ಎಂದರೆ ಖಾತೆಯಲ್ಲಿ ಹಣ ಸಾಲದು. 12 ಎಂದರೆ ಸಹಿ ಹೊಂದುತ್ತಿಲ್ಲ. 20 ಎಂದರೆ ಬರೆದವರೇ ಪಾವತಿ ತಡೆದಿದ್ದಾರೆ. 31 ಎಂದರೆ ಚೆಕ್‌ನ ಅವಧಿ ಮುಗಿದಿದೆ. ಗಿರಣಿಯವರದು 01. ಮೆಮೊದ ದಿನಾಂಕ ಮಾರ್ಚ್ 6. ಬ್ಯಾಂಕಿನ ಮೊಹರು ಇರುವ ಈ ಮೆಮೊವನ್ನು ನ್ಯಾಯಾಲಯವು ಚೆಕ್ ಅಮಾನ್ಯವಾದುದಕ್ಕೆ ಪುರಾವೆಯೆಂದು ಮೊದಲಿಗೇ ಒಪ್ಪಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಎದುರಿನವರದು.

ಗುತ್ತಿಗೆದಾರರು ‘ಮುಂದಿನ ವಾರ ಮತ್ತೊಮ್ಮೆ ಹಾಕಿ’ ಎನ್ನುತ್ತ ಹತ್ತೊಂಬತ್ತು ದಿನ ಕಳೆದಿದ್ದರು. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ ಮೂವತ್ತು ದಿನಗಳೊಳಗೆ ಲಿಖಿತ ನೋಟಿಸು ಕಳುಹಿಸದಿದ್ದರೆ, ಚೆಕ್ ಬೌನ್ಸನ್ನು ಅಪರಾಧವೆನ್ನುವ, ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನ ಬಾಗಿಲು ಆ ಮೆಮೊದ ಮಟ್ಟಿಗೆ ಮುಚ್ಚುತ್ತದೆ. ಮಾರ್ಚ್ 6ರಂದೇ ಅವರಿಗೆ ಎಸ್‌ಎಂಎಸ್ ಬಂದಿದ್ದರಿಂದ, ಏಪ್ರಿಲ್ 5ನ್ನೇ ಕೊನೆಯ ದಿನವೆಂದು ಎಣಿಸುವುದು ಕ್ಷೇಮ. ನೋಟಿಸು ಕೈಸೇರಿದ ಮೇಲೆ ಹಣ ಕೊಡಲು ಬರೆದವರಿಗೆ ಹದಿನೈದು ದಿನವಿರುತ್ತದೆ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು ಸಲ್ಲಿಸಬೇಕು.

ಮತ್ತೊಮ್ಮೆ ಚೆಕ್ ಹಾಕಬಾರದೇ ಎಂದು ನೀವು ಕೇಳಬಹುದು. ಚೆಕ್‌ನ ದಿನಾಂಕದಿಂದ ಮೂರು ತಿಂಗಳೊಳಗೆ ಹಾಕಬಹುದು, ಅದೂ ವಾಪಸಾದರೆ ಹೊಸ ಮೆಮೊದಿಂದ ಹೊಸ ಲೆಕ್ಕ ಆರಂಭವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಿದೆ. ಆದರೆ ಖಾತೆಗೆ ಹಣ ಬಂದಿದೆಯೆಂಬ ಖಾತ್ರಿಯಿಲ್ಲದೆ ಹಾಕುವುದು ಬರಿದೇ ಶುಲ್ಕ ಕಟ್ಟುವ ಕೆಲಸ. ಶುಲ್ಕ ಇಬ್ಬರ ಖಾತೆಯಿಂದಲೂ ಹೋಗುತ್ತದೆ: ಬರೆದವರಿಗೆ ಅವರ ಬ್ಯಾಂಕ್, ಹಾಕಿದವರಿಗೆ ಇವರ ಬ್ಯಾಂಕ್, ಮೇಲೆ ಶೇ. 18 ಜಿಎಸ್‌ಟಿ. ಮೋಸಹೋದವನಿಗೂ ದಂಡ ಎಂದು ಗಿರಣಿಯವರು ಗೊಣಗಿದ್ದರಲ್ಲಿ ತಪ್ಪೇನಿದೆ? ಆದರೆ ಬ್ಯಾಂಕ್ ಸ್ಕ್ಯಾನ್ ಮಾಡಿದ ಚೆಕ್‌ನ ಚಿತ್ರ ಸ್ಪಷ್ಟವಿಲ್ಲವೆಂಬಂತಹ, ಗ್ರಾಹಕರ ತಪ್ಪೇ ಇಲ್ಲದ ಕಾರಣಕ್ಕೆ ವಾಪಸಾದಾಗ ಶುಲ್ಕ ಹಾಕಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಕೋಡನ್ನು ಓದದವರು ಆ ಹಣವನ್ನು ಮರಳಿ ಕೇಳುವುದಾದರೂ ಹೇಗೆ?

ಯುಪಿಐ ಕಾಲದಲ್ಲಿ ಚೆಕ್ ಯಾರಿಗೆ ಬೇಕು ಎಂದು ಯಾರೋ ಕೆಳಗೆ ಬರೆಯುತ್ತೀರಿ, ಗೊತ್ತು. ಉದ್ದರಿ ವ್ಯಾಪಾರ ಮಾಡುವವರ ಗಲ್ಲಾಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ, ಆಮೇಲೆ ಮಾತಾಡೋಣ.

ಗಿರಣಿಯವರು ನೋಟಿಸಿನಲ್ಲಿ ಬಡ್ಡಿ, ಬ್ಯಾಂಕ್ ಶುಲ್ಕ, ಓಡಾಟದ ಖರ್ಚು ಎಲ್ಲ ಸೇರಿಸಿ ಒಟ್ಟು 60,000 ಕೇಳುವ ಯೋಚನೆಯಲ್ಲಿದ್ದರು. ನಾನು ಬೇಡವೆಂದೆ. ಚೆಕ್‌ನ ಮೊತ್ತವಾದ 48,000 ರೂಪಾಯಿಯನ್ನೇ ಸ್ಪಷ್ಟವಾಗಿ ಕೇಳಬೇಕು. ಬೇರೆ ಖರ್ಚನ್ನು ಬೇರೆಯಾಗಿಯೇ ಬರೆಯಬೇಕು. ಎಲ್ಲವನ್ನೂ ಕಲಸಿ ಒಂದೇ ಮೊತ್ತ ಕೇಳಿದ ನೋಟಿಸುಗಳಿಂದಲೇ ಪ್ರಕರಣಗಳು ಬಿದ್ದುಹೋಗಿವೆ.

ಚೆಕ್ ಬರೆದವರಿಗೂ ಒಂದು ಮಾತು. ನೋಟಿಸು ಬಂದಾಗ ಅಂಚೆಯವರಿಂದ ತಪ್ಪಿಸಿಕೊಳ್ಳುವುದು ಜಾಣತನವಲ್ಲ. ಸರಿಯಾದ ವಿಳಾಸಕ್ಕೆ ಹೋಗಿ ತಿರಸ್ಕೃತವಾದ ನೋಟಿಸನ್ನೂ ಸಾಮಾನ್ಯವಾಗಿ ತಲುಪಿದಂತೆಯೇ ಪರಿಗಣಿಸುತ್ತಾರೆ. ಹದಿನೈದು ದಿನಗಳೊಳಗೆ ಬ್ಯಾಂಕ್ ಮೂಲಕವೇ ಹಣ ಕೊಟ್ಟು, ರಸೀದಿ ಪಡೆದು, ಚೆಕ್ ಮತ್ತು ಮೆಮೊವನ್ನು ವಾಪಸು ತೆಗೆದುಕೊಳ್ಳಿ. ನೋಟಿಸನ್ನು ಲೆಕ್ಕಿಸದಿದ್ದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಚೆಕ್‌ನ ಎರಡರಷ್ಟು ಮೊತ್ತದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸಹಿ ವ್ಯತ್ಯಾಸವಾಯಿತು, ಪಾವತಿ ತಡೆದಿದ್ದೆ ಎಂಬ ನೆಪಗಳಿಂದಲೇ ಬಚಾವಾಗಲು ಸಾಧ್ಯವಿಲ್ಲ.

ಹೀಗೆ ಉಪದೇಶ ಮಾಡುವ ನಾನೂ ಸಂಪನ್ನನಲ್ಲ. ಕೆಲಸದಲ್ಲಿದ್ದಾಗ ದೊಡ್ಡ ಗ್ರಾಹಕರ ಖಾತೆಯಲ್ಲಿ ಹಣವಿಲ್ಲದಿದ್ದರೂ, ಅವರ ಮರ್ಯಾದೆ ಕಾಯಲೆಂದು ‘ಬರೆದವರನ್ನು ಸಂಪರ್ಕಿಸಿ’ ಎಂಬ ಸಾಲಿಗೆ ಗುರುತು ಹಾಕಿದ್ದೇನೆ. ಚೆಕ್ ಹಿಡಿದು ನಿಂತವರಿಗೆ ನಿಜವಾದ ಕಾರಣ ತಿಳಿಯದೆ ಹೋದ ಪಾಪದಲ್ಲಿ ನನ್ನದೂ ಪಾಲಿದೆ. ಇಂದಿನ ಸಿಟ್ಟಿನಲ್ಲಿ ಅರ್ಧ ಅದರದ್ದೇ ಇರಬೇಕು.

ಕೊನೆಗೆ ಮೆಮೊದ ಮಡಿಕೆ ಬಿಡಿಸಿ, ಸುಣ್ಣದ ಕಲೆ ಒರೆಸಿ, ಎರಡು ಪ್ರತಿ ಜೆರಾಕ್ಸ್ ಮಾಡಿಸಿಕೊಟ್ಟೆ. ನಾಳೆ ಬೆಳಿಗ್ಗೆ ಗಿರಣಿಯವರು ವಕೀಲರನ್ನು ಕಾಣುತ್ತಾರೆ. ಇನ್ನು ಹನ್ನೊಂದು ದಿನ ಉಳಿದಿದೆ.